ಎಂ-3 ಬ್ಯಾಕ್ ಉಳಿದಾಗ ನಾನು ಓದಿದ್ದು ಹೀಗೆ

ದಿನಾ ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ ಬಂದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವನು ನಾನು. ವಿಟಿಯು, 2018ರ ಸ್ಕೀಮ್. ಮೂರನೇ ಸೆಮಿಸ್ಟರ್‌ನ ಗಣಿತ, ಅಂದ್ರೆ ಎಂ-3, ಬ್ಯಾಕ್ ಉಳಿಯಿತು. ಅದನ್ನು ಮತ್ತೆ ಬರೆಯಬೇಕಾಗಿದ್ದು ನಾಲ್ಕನೇ ಸೆಮ್‌ನ ಪರೀಕ್ಷೆಗಳ ಜೊತೆಗೇ.

ಮೊದಲು ಎಷ್ಟು ಅಂಕ ಬೇಕು ಅಂತ ನೋಡಿಕೊಂಡೆ. ನಮ್ಮ ಸ್ಕೀಮ್‌ನಲ್ಲಿ ಪೇಪರು 100ಕ್ಕೆ, ಅದನ್ನು 60ಕ್ಕೆ ಇಳಿಸುತ್ತಿದ್ದರು. ಪೇಪರಿನಲ್ಲಿ ಕನಿಷ್ಠ 35 ಬರಲೇಬೇಕಿತ್ತು, ಇಂಟರ್ನಲ್ಸ್ ಸೇರಿಸಿ ಒಟ್ಟು 40 ಆಗಬೇಕಿತ್ತು. ಇಂಟರ್ನಲ್ಸ್ 40ಕ್ಕೆ 19 ಇದ್ದರೆ ಪೇಪರಿನ 35, ಅಂದ್ರೆ ಇಳಿಸಿದ ಮೇಲೆ 21, ಇಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಬರೀ 16 ಇದ್ದರೆ ಪೇಪರಿನಲ್ಲೇ 40 ತೆಗೆಯಬೇಕಿತ್ತು. ಬಹಳ ಜನ ಈ ಲೆಕ್ಕ ಹಾಕದೆ ಐದೂ ಮಾಡ್ಯೂಲ್ ಮೊದಲಿನಿಂದ ಓದಲು ಶುರು ಮಾಡುತ್ತಾರೆ. ಆಗ ಹೊಸ ಸೆಮ್ ಕೈಬಿಡುತ್ತದೆ.

ಒಂದೊಂದು ಮಾಡ್ಯೂಲ್‌ಗೆ 20 ಅಂಕ. ಅದರಲ್ಲಿ ಎರಡು ಪ್ರಶ್ನೆ ಕೊಡುತ್ತಾರೆ, ಒಂದು ಬರೆಯಬೇಕು. ನಾನು ಮೂರು ಮಾಡ್ಯೂಲ್ ಗಟ್ಟಿ ಮಾಡಿಕೊಳ್ಳೋಣ ಅಂತ ತೀರ್ಮಾನಿಸಿದೆ. ಆಯ್ಕೆ ಮಾಡುವಾಗ ಸುಲಭವೋ ಕಷ್ಟವೋ ಅಂತ ನೋಡಲಿಲ್ಲ, ಈ ಸೆಮ್‌ನ ಯಾವ ವಿಷಯಕ್ಕೆ ಇದು ಹತ್ತಿರ ಅಂತ ನೋಡಿದೆ. ಎಂ-3ರ ಮೂರನೇ ಮಾಡ್ಯೂಲ್‌ನಲ್ಲಿ ಫೂರಿಯರ್ ಟ್ರಾನ್ಸ್‌ಫಾರ್ಮ್, ಝಡ್ ಟ್ರಾನ್ಸ್‌ಫಾರ್ಮ್ ಇವೆ. ನಾಲ್ಕನೇ ಸೆಮ್‌ನ ಸಿಗ್ನಲ್ಸ್ ವಿಷಯದಲ್ಲೂ ಇವೇ ಬರುತ್ತವೆ. ಹಾಗಾಗಿ ಈ ಮಾಡ್ಯೂಲ್‌ಗೆ ಬೇರೆ ಸಮಯ ತೆಗೆಯಬೇಕಾಗಲಿಲ್ಲ. ಸಿಗ್ನಲ್ಸ್ ಕ್ಲಾಸ್ ಮುಗಿದ ದಿನ ಸಂಜೆ ಅದೇ ಭಾಗದ ಎಂ-3 ಲೆಕ್ಕ ಬಿಡಿಸುತ್ತಿದ್ದೆ.

ಒಂದು ಲೆಕ್ಕ ತೋರಿಸುತ್ತೇನೆ. u(0) = 0, u(1) = 1 ಕೊಟ್ಟು ಇದನ್ನು ಬಿಡಿಸಿ ಅನ್ನುತ್ತಾರೆ:

u(n+2) − 5u(n+1) + 6u(n) = 0

ಝಡ್ ಟ್ರಾನ್ಸ್‌ಫಾರ್ಮ್ ತೆಗೆದುಕೊಂಡರೆ ಮೊದಲ ಪದ z²U − z ಆಗುತ್ತದೆ, ಎರಡನೆಯದು −5zU, ಮೂರನೆಯದು 6U. ಅಲ್ಲಿಂದ

U = z / ((z − 2)(z − 3))

ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ. ಮುಂದೆ Uವನ್ನೇ ನೇರವಾಗಿ ಪಾರ್ಷಿಯಲ್ ಫ್ರ್ಯಾಕ್ಷನ್ ಮಾಡಿದರೆ ಮೇಲೆ z ಉಳಿಯುವುದಿಲ್ಲ, ಟೇಬಲ್‌ನಲ್ಲಿರುವ ಸೂತ್ರಕ್ಕೆ ಅದು ಹೊಂದುವುದಿಲ್ಲ. ನನಗೆ ಇದನ್ನು ಹೇಳಿಕೊಟ್ಟವನು ಅಣ್ಣಿಗೇರಿಯಲ್ಲಿ ರೈಲು ಹತ್ತುತ್ತಿದ್ದ ಗೆಳೆಯ. "ಲೇ, ಮೊದಲ z ಈಕಡೆ ತಗೊಂಡು U/z ಮಾಡ್ಕೋಪಾ, ಆಮೇಲೆ ಒಡಿ" ಅಂದ. ಹಾಗೆ ಮಾಡಿದರೆ U/z = 1/(z − 3) − 1/(z − 2). zನಿಂದ ಗುಣಿಸಿ ಟೇಬಲ್ ನೋಡಿದರೆ ಉತ್ತರ:

u(n) = 3ⁿ − 2ⁿ

ಸರಿಯೋ ಅಲ್ವೋ ಅಂತ ಅಲ್ಲೇ ನೋಡಬಹುದು. n = 2 ಹಾಕಿದರೆ 9 − 4 = 5. ಮೂಲ ಸಮೀಕರಣದಿಂದಲೂ u(2) = 5 × 1 − 6 × 0 = 5. ಈ ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ಚಿಹ್ನೆ ತಪ್ಪಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಎರಡೂ ವಿಷಯ ಒಟ್ಟಿಗೆ ಓದುವಾಗ ಒಂದು ಕಡೆ ಎಚ್ಚರ ಬೇಕು. ಎಂ-3ರಲ್ಲಿ n ಸೊನ್ನೆಯಿಂದ ಮುಂದಕ್ಕೆ ಮಾತ್ರ ಹೋಗುತ್ತದೆ. ಹಾಗಾಗಿ z/(z − a) ಅಂದರೆ aⁿ, ಮುಗಿಯಿತು. ಸಿಗ್ನಲ್ಸ್‌ನಲ್ಲಿ n ಹಿಂದಕ್ಕೂ ಹೋಗುತ್ತದೆ, u(n) ಅಂದರೆ ಮೇಲಿನ ಲೆಕ್ಕದ u(n) ಅಲ್ಲ, ಯೂನಿಟ್ ಸ್ಟೆಪ್. ಅಲ್ಲಿ aⁿu(n) ಮತ್ತು −aⁿu(−n−1) ಎರಡಕ್ಕೂ ಅದೇ z/(z − a) ಬರುತ್ತದೆ. ಆರ್‌ಓಸಿ ಬರೆದರೆ ಮಾತ್ರ ಯಾವುದು ಅಂತ ಗೊತ್ತಾಗುತ್ತದೆ: ಮೊದಲನೆಯದಕ್ಕೆ |z| > |a|, ಎರಡನೆಯದಕ್ಕೆ |z| < |a|. ಗಣಿತದ ಅಭ್ಯಾಸದಲ್ಲಿ ಆರ್‌ಓಸಿ ಬಿಟ್ಟರೆ ಸಿಗ್ನಲ್ಸ್‌ನಲ್ಲಿ ಅಂಕ ಹೋಗುತ್ತದೆ. ಅದಕ್ಕೇ ಎರಡಕ್ಕೂ ಬೇರೆ ನೋಟ್‌ಬುಕ್ ಇಟ್ಟಿದ್ದೆ.

ಉಳಿದ ಎರಡರಲ್ಲಿ ಒಂದು ಲಾಪ್ಲಾಸ್. ಇನ್ನೊಂದು ನಾಲ್ಕನೇ ಮಾಡ್ಯೂಲ್, ಅಂದ್ರೆ ರುಂಗೆ-ಕುಟ್ಟ, ಮಿಲ್ನೆ ಇರುವ ನ್ಯೂಮರಿಕಲ್ ಭಾಗ. ಅದಕ್ಕೆ ತಲೆಗಿಂತ ಕೈ ಅಭ್ಯಾಸ ಜಾಸ್ತಿ ಬೇಕು, ಭಾನುವಾರ ಮನೆಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಮಾಡುತ್ತಿದ್ದೆ. ಪ್ರಶ್ನೆಯಲ್ಲಿ sin ಅಥವಾ cos ಇದ್ದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿರಬೇಕು. ಡಿಗ್ರಿಯಲ್ಲಿದ್ದರೆ ಲೆಕ್ಕ ಪೂರ್ತಿ ಕೆಡುತ್ತದೆ. ಪರದೆಯ ಮೇಲೆ ಸಣ್ಣ D ಇದೆಯಾ R ಇದೆಯಾ ಅಂತ ನೋಡಿಕೊಂಡೇ ಶುರು ಮಾಡಿ.

ರೈಲಿನಲ್ಲಿ ಬರೆಯೋದು ಆಗ್ತಿರಲಿಲ್ಲ. ಅಲ್ಲಿ ಸೂತ್ರ ಬಾಯಿಪಾಠ ಮಾತ್ರ.

ಪರೀಕ್ಷೆಯ ದಿನ ನ್ಯೂಮರಿಕಲ್ ಮೊದಲು ಬರೆದೆ, ಆಮೇಲೆ ಝಡ್, ಕೊನೆಗೆ ಲಾಪ್ಲಾಸ್. ಉಳಿದ ಸಮಯದಲ್ಲಿ ಫೂರಿಯರ್ ಸೀರೀಸ್‌ನ ಪ್ರಶ್ನೆ ತೆಗೆದುಕೊಂಡು ಸೂತ್ರ ಬರೆದು, a₀ ತನಕ ಬಿಡಿಸಿಟ್ಟೆ. ಹಂತಕ್ಕೆ ತಕ್ಕಂತೆ ಅಂಕ ಕೊಡುವುದರಿಂದ ಆ ಪುಟ ಖಾಲಿ ಬಿಡಲಿಲ್ಲ. ಫಲಿತಾಂಶದಲ್ಲಿ ಎಂ-3 ಪಾಸಾಗಿತ್ತು, ಸಿಗ್ನಲ್ಸ್ ಕೂಡ.