ಚೆಕ್ ವಾಪಸ್ ಬಂತೇ? ಗ್ರಾಹಕರಿಗೆ ಪತ್ರ ಬರೆಯುವುದು ಹೀಗೆ

ಸ್ಟೇಟ್‌ಮೆಂಟ್‌ನಲ್ಲಿ ಮೂರು ಸಾಲು ಇವೆ ಎಂದುಕೊಳ್ಳಿ. ಮಾರ್ಚ್ 5ಕ್ಕೆ ಚೆಕ್ ಜಮಾ, 48,500. ಮಾರ್ಚ್ 6ಕ್ಕೆ ಅದೇ 48,500 ಕಡಿತ. ಅದರ ಕೆಳಗೇ ಇನ್ನೊಂದು ಕಡಿತ, 350. ಗ್ರಾಹಕರು ಕೊಟ್ಟ ಚೆಕ್ ಬೌನ್ಸ್ ಆಗಿದೆ, ಅದಕ್ಕೆ ನಿಮ್ಮ ಬ್ಯಾಂಕ್ ನಿಮ್ಮಿಂದಲೇ ಶುಲ್ಕ ಹಿಡಿದಿದೆ. ತಪ್ಪು ಅವರದು, ದಂಡ ನಮಗೆ ಅಂತ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಮಾತ್ರ ಪತ್ರ ಬರೆಯಬೇಡಿ. ಲೆಕ್ಕದ ಪುಸ್ತಕ ನೋಡಿಕೊಳ್ಳುವ ಕೆಲಸದಲ್ಲಿ ನಾನು ಇಂಥ ಪತ್ರಗಳನ್ನು ಬಹಳ ಬರೆದಿದ್ದೇನೆ. ಜೋರು ಮಾಡಿ ಬರೆದವುಗಳಿಗಿಂತ ಅಂಕಿ, ತಾರೀಖು ಸರಿಯಾಗಿದ್ದ ಸಾದಾ ಪತ್ರಗಳಿಗೇ ದುಡ್ಡು ಬೇಗ ಬಂದಿದೆ.

ಮೊದಲು ಮೆಮೊ ಓದಿ

ಚೆಕ್ ವಾಪಸಾದಾಗ ಬ್ಯಾಂಕ್ ಒಂದು ಚೀಟಿ ಕೊಡುತ್ತದೆ. ಅದೇ ರಿಟರ್ನ್ ಮೆಮೊ. ಅದನ್ನೂ ಮೂಲ ಚೆಕ್ಕನ್ನೂ ಬ್ಯಾಂಕಿನಿಂದ ತಂದಿಟ್ಟುಕೊಳ್ಳಿ. ಮೊಬೈಲಿಗೆ ಬಂದ ಸಂದೇಶ ಒಂದನ್ನೇ ನೆಚ್ಚಿಕೊಂಡು ಪತ್ರ ಬರೆಯಬೇಡಿ. ಯಾಕೆ ವಾಪಸಾಯಿತು ಎನ್ನುವುದು ಮೆಮೊದಲ್ಲಿರುತ್ತದೆ, ಪತ್ರದ ಧಾಟಿ ನಿಂತಿರುವುದು ಆ ಕಾರಣದ ಮೇಲೆ.

‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂದಿದ್ದರೆ ನೇರವಾಗಿ ಬದಲಿ ಪಾವತಿ ಕೇಳಬಹುದು. ‘ಸಹಿ ಹೊಂದುತ್ತಿಲ್ಲ’ ಎಂದಿದ್ದರೆ ಅದು ಬಹುಪಾಲು ಅವಸರದ ತಪ್ಪು. ಆಗ ಪತ್ರ ಮೆತ್ತಗಿರಲಿ. ‘ಖಾತೆ ಮುಚ್ಚಲಾಗಿದೆ’ ಎಂದಿದ್ದರೆ ವಿಷಯ ಗಂಭೀರ. ಆ ಚೆಕ್ಕನ್ನು ಮತ್ತೆ ಹಾಕಿ ಪ್ರಯೋಜನವೇ ಇಲ್ಲ.

‘ಪಾವತಿ ನಿಲ್ಲಿಸಲು ಗ್ರಾಹಕರ ಸೂಚನೆ’ ಎಂದಿದ್ದರೆ ಸ್ವಲ್ಪ ತಡೆಯಿರಿ. ಹಾಗೆ ನಿಲ್ಲಿಸಿದವರ ಹತ್ತಿರ ಹೆಚ್ಚಾಗಿ ಒಂದು ದೂರು ಇರುತ್ತದೆ: ಸರಕು ಕಡಿಮೆ ಬಂದಿದೆ, ಮಾಲು ಒಡೆದಿದೆ, ಬಿಲ್ಲಿನಲ್ಲಿ ಲೆಕ್ಕ ತಪ್ಪಿದೆ. ಅದನ್ನು ಕೇಳದೆ ‘ನಿಮ್ಮ ಚೆಕ್ ಬೌನ್ಸ್ ಆಗಿದೆ’ ಎಂದು ಬರೆದರೆ ಜಗಳ ನೀವೇ ಶುರು ಮಾಡಿದಂತೆ.

ಇನ್ನು ಕೆಲವು ಸಲ ತಪ್ಪು ನಮ್ಮದೇ ಆಗಿರುತ್ತದೆ. ಮುಂದಿನ ತಾರೀಖಿನ ಚೆಕ್ಕನ್ನು ಮೊದಲೇ ಹಾಕಿರುತ್ತೇವೆ, ಇಲ್ಲವೇ ಡ್ರಾಯರ್‌ನಲ್ಲಿಟ್ಟು ಮರೆತು ಅವಧಿ ಮೀರಿದ ಮೇಲೆ ಹಾಕಿರುತ್ತೇವೆ. ಆಗ ಹೊಸ ಪಾವತಿ ಕೇಳಬಹುದು, ಶುಲ್ಕ ಕೇಳುವ ಹಾಗಿಲ್ಲ. ಕೇಳಿದರೆ ಮುಖಕ್ಕೆ ಹೊಡೆದಂಥ ಉತ್ತರ ಬರುತ್ತದೆ, ಬರಬೇಕಾದದ್ದೇ.

ಪುಸ್ತಕ ಸರಿ ಮಾಡಿಕೊಳ್ಳಿ

ಚೆಕ್ ಬಂದ ದಿನ ಗ್ರಾಹಕರ ಖಾತೆಗೆ 48,500 ಜಮಾ ಬರೆದು ಬಿಲ್ ತೀರಿತು ಎಂದು ಗುರುತು ಹಾಕಿರುತ್ತೀರಿ, ಅಲ್ವಾ? ಅದನ್ನು ತಿರುಗಿಸಿ. ಬಿಲ್ ಮತ್ತೆ ಬಾಕಿ ಎಂದು ಕಾಣಬೇಕು, ಅದೂ ಅದರ ಹಳೆಯ ಗಡುವಿನಿಂದಲೇ. ಬ್ಯಾಂಕ್ ಶುಲ್ಕವನ್ನು ಆ ಬಿಲ್ಲಿಗೆ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಬರೆಯಿರಿ. ಇದನ್ನು ಮಾಡದೆ ಪತ್ರ ಕಳಿಸಿದ ಒಂದು ಕಡೆ ನಡೆದದ್ದು ನನಗೆ ನೆನಪಿದೆ. ಪತ್ರದಲ್ಲಿ ‘ಬಾಕಿ ಇದೆ’ ಎಂದಿತ್ತು. ಅದೇ ವಾರ ಹೋದ ತಿಂಗಳ ಲೆಕ್ಕಪಟ್ಟಿಯಲ್ಲಿ ‘ಬಾಕಿ ಸೊನ್ನೆ’ ಎಂದು ಹೋಯಿತು. ಗ್ರಾಹಕರು ಎರಡನೆಯದನ್ನು ಜೋಪಾನವಾಗಿ ಇಟ್ಟುಕೊಂಡರು.

ಫೋನ್ ಒಂದು, ಪತ್ರ ಒಂದು

ಪತ್ರಕ್ಕೆ ಮೊದಲು ಒಂದು ಫೋನ್ ಮಾಡಿ. ಎಷ್ಟೋ ಜನರಿಗೆ ತಮ್ಮ ಚೆಕ್ ವಾಪಸಾದದ್ದೇ ಗೊತ್ತಿರುವುದಿಲ್ಲ. ಅವರಿಗೆ ಬರಬೇಕಿದ್ದ ದುಡ್ಡು ಒಂದು ದಿನ ತಡವಾಗಿದ್ದರೂ ಸಾಕು, ಹೀಗಾಗುತ್ತದೆ. ಆದರೆ ಅವರು ಫೋನಿನಲ್ಲಿ ‘ನಾಳೆ ಹಾಕ್ತೀನಿ’ ಎಂದರೂ ಪತ್ರ ಅದೇ ದಿನ ಹೋಗಲಿ. ಮಾತಿಗೆ ದಾಖಲೆ ಇಲ್ಲ.

ಪತ್ರ ಮುಚ್ಚಿದ ಲಕೋಟೆಯಲ್ಲೋ ಸಂಬಂಧಪಟ್ಟವರ ಇಮೇಲಿಗೋ ಹೋಗಬೇಕು, ತಲುಪಿದ್ದಕ್ಕೆ ಗುರುತು ಇರಬೇಕು. ಹತ್ತು ಜನರಿರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಅವರ ಪರಿಚಯದವರಿಗೆ ಪ್ರತಿ ಕಳಿಸುವುದು ಬೇಡವೇ ಬೇಡ. ಮಾನ ಹೋಯಿತು ಅನ್ನಿಸಿದ ಗ್ರಾಹಕರು ದುಡ್ಡಿನ ವಿಷಯ ಬಿಟ್ಟು ಮಾನದ ವಿಷಯ ಹಿಡಿಯುತ್ತಾರೆ.

ನಮ್ಮ 48,500ರ ಚೆಕ್ಕಿಗೆ ಮಾರ್ಚ್ 7ರಂದು ಬರೆದ ಪತ್ರ ಹೀಗಿರಬಹುದು:

*ಮಾನ್ಯರೇ,*

*ವಿಷಯ: ಬಿಲ್ ಸಂಖ್ಯೆ 217ಕ್ಕೆ ನೀಡಿದ ಚೆಕ್ ಸಂಖ್ಯೆ 004512 ಪಾವತಿಯಾಗದೆ ವಾಪಸಾಗಿರುವುದು.*

*ಮೇಲಿನ ಬಿಲ್ಲಿಗೆ ನೀವು ಮಾರ್ಚ್ 3ರ ತಾರೀಖಿನ, 48,500 ಮೊತ್ತದ ಚೆಕ್ ಕೊಟ್ಟಿದ್ದಿರಿ. ಅದನ್ನು ನಾವು ಮಾರ್ಚ್ 5ರಂದು ಬ್ಯಾಂಕಿಗೆ ಹಾಕಿದೆವು. ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ಕಾರಣಕ್ಕೆ ಅದು ಮಾರ್ಚ್ 6ರಂದು ವಾಪಸಾಗಿದೆ. ಬ್ಯಾಂಕ್ ಮೆಮೊದ ಪ್ರತಿ ಜೊತೆಗಿದೆ.*

*ಹೀಗಾಗಿ ಈ ಕೆಳಗಿನ ಹಣ ನಮಗೆ ಬರಬೇಕಿದೆ:*

*ಚೆಕ್ಕಿನ ಮೊತ್ತ: 48,500*
*ನಮ್ಮ ಬ್ಯಾಂಕ್ ಹಿಡಿದ ಶುಲ್ಕ: 350*
*ಒಟ್ಟು: 48,850*

*ದಯವಿಟ್ಟು ಮಾರ್ಚ್ 17ರೊಳಗೆ ಈ ಹಣವನ್ನು ಕೆಳಗಿನ ಖಾತೆಗೆ ನೇರವಾಗಿ ವರ್ಗಾಯಿಸಿ, ಬಿಲ್ ಸಂಖ್ಯೆ 217 ಎಂದು ನಮೂದಿಸಿ. ಹಣ ನಮ್ಮ ಖಾತೆಗೆ ಬಂದ ಮೇಲೆ ಮೂಲ ಚೆಕ್ಕನ್ನು ನಿಮಗೆ ಹಿಂದಿರುಗಿಸುತ್ತೇವೆ.*

*ಈಗಾಗಲೇ ಹಣ ಕಳಿಸಿದ್ದರೆ ಅದರ ವಿವರ ತಿಳಿಸಿ. ಬಿಲ್ಲಿನ ಬಗ್ಗೆ ತಕರಾರಿದ್ದರೆ ಅದನ್ನೂ ಇದೇ ತಾರೀಖಿನೊಳಗೆ ಬರೆದು ತಿಳಿಸಿ.*

ಪತ್ರ ಇಷ್ಟೇ. ‘ಮೋಸ’, ‘ವಂಚನೆ’ ಎಂಬ ಮಾತು ಎಲ್ಲೂ ಇಲ್ಲ. ಚೆಕ್ ವಾಪಸಾಯಿತು ಎನ್ನುವುದಕ್ಕೆ ನಿಮ್ಮ ಕೈಯಲ್ಲಿ ಮೆಮೊ ಇದೆ. ಅವರ ಮನಸ್ಸಿನಲ್ಲಿ ಏನಿತ್ತು ಎನ್ನುವುದಕ್ಕೆ ಏನೂ ಇಲ್ಲ. ‘ಹತ್ತು ದಿನದೊಳಗೆ’ ಎನ್ನುವ ಬದಲು ತಾರೀಖನ್ನೇ ಬರೆದದ್ದಕ್ಕೂ ಕಾರಣವಿದೆ. ಹತ್ತು ದಿನ ಎಂದರೆ ಯಾವತ್ತಿನಿಂದ ಎಣಿಸುವುದು, ಪತ್ರ ಬರೆದ ದಿನದಿಂದಲೋ ತಲುಪಿದ ದಿನದಿಂದಲೋ ಎನ್ನುವ ವಾದಕ್ಕೆ ಜಾಗ ಇರಬಾರದು.

ಶುಲ್ಕ ಎಷ್ಟು ಕೇಳಬೇಕು?

ಬ್ಯಾಂಕ್ ನಿಮ್ಮಿಂದ ಹಿಡಿದಷ್ಟೇ. ಸ್ಟೇಟ್‌ಮೆಂಟ್‌ನಲ್ಲಿ ತೆರಿಗೆ ಸೇರಿ 350 ಕಡಿತವಾಗಿದ್ದರೆ 350. ಅದನ್ನು ದುಂಡು ಮಾಡಿ 500 ಎಂದು ಬರೆಯುವವರಿದ್ದಾರೆ. ಗ್ರಾಹಕರು ‘ಬ್ಯಾಂಕಿನ ಚೀಟಿ ತೋರಿಸಿ’ ಎಂದರೆ ಮುಗಿಯಿತು, ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಅದರ ಬದಲು ಕಡಿತದ ಸಾಲಿರುವ ಪುಟದ ಪ್ರತಿಯನ್ನು ನೀವೇ ಪತ್ರದ ಜೊತೆ ಇಡಿ, ಉಳಿದ ಸಾಲುಗಳನ್ನು ಮುಚ್ಚಿ. ಓಡಾಟದ ಖರ್ಚು, ಬಡ್ಡಿ ಇತ್ಯಾದಿ ಕೇಳಬೇಕಾದರೆ ಬಿಲ್ಲಿನಲ್ಲೋ ಒಪ್ಪಂದದಲ್ಲೋ ಆ ಷರತ್ತು ಮೊದಲೇ ಇರಬೇಕು. ಇಲ್ಲದಿದ್ದರೆ ಮೊದಲ ಪತ್ರದಲ್ಲಿ ಅದನ್ನು ಎತ್ತದಿರುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಎರಡು ಮೊತ್ತವನ್ನು ಬೇರೆ ಬೇರೆ ಸಾಲಿನಲ್ಲಿ ಬರೆದದ್ದು ಅಂದಕ್ಕಲ್ಲ. ಮುಂದೆ ವಿಷಯ ಕೋರ್ಟಿಗೆ ಹೋದರೆ ಚೆಕ್ಕಿನ ಮೊತ್ತ ಎಷ್ಟು, ಉಳಿದದ್ದು ಎಷ್ಟು ಎಂದು ಸ್ಪಷ್ಟವಾಗಿ ಕೇಳಿದ್ದೀರಾ ಎನ್ನುವುದು ಮುಖ್ಯವಾಗುತ್ತದೆ. ಭಾರತದಲ್ಲಂತೂ ಎಲ್ಲ ಸೇರಿಸಿ ಒಂದೇ ಅಂಕಿ ಬರೆದ ನೋಟಿಸಿನ ಮೇಲೆ ಸುಲಭವಾಗಿ ತಕರಾರು ಎತ್ತಬಹುದು. ಅಲ್ಲಿ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಹಣ ಸಾಲದೆ ಚೆಕ್ ವಾಪಸಾದರೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಬ್ಯಾಂಕಿನಿಂದ ವಿಷಯ ತಿಳಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಗ್ರಾಹಕರಿಗೆ 15 ದಿನ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಮೆಮೊ ಬಂದದ್ದು ಮಾರ್ಚ್ 6ಕ್ಕೆ, ಅಂದರೆ ನೋಟಿಸಿಗೆ ಏಪ್ರಿಲ್ 5ರ ತನಕ ಸಮಯ. ಪತ್ರದ ಗಡುವನ್ನು ಮಾರ್ಚ್ 17ಕ್ಕೆ ಇಟ್ಟದ್ದು ಅದಕ್ಕೇ. ಸ್ನೇಹದ ಪತ್ರಕ್ಕೆ ಉತ್ತರ ಬಾರದಿದ್ದರೂ ವಕೀಲರನ್ನು ಕಾಣಲು ದಿನ ಉಳಿದಿರುತ್ತದೆ. ಬೇರೆ ದೇಶಗಳಲ್ಲಿ ಕಾನೂನು ಬೇರೆ, ಗಡುವೂ ಬೇರೆ. ಮೊತ್ತ ದೊಡ್ಡದಿದ್ದರೆ ಮೊದಲ ಪತ್ರವನ್ನೇ ವಕೀಲರಿಗೆ ತೋರಿಸಿ ಕಳಿಸಿ.

ಉತ್ತರ ಬಂದ ಮೇಲೆ

‘ಅದೇ ಚೆಕ್ ಇನ್ನೊಂದು ಸಲ ಹಾಕಿ ನೋಡಿ’ ಎನ್ನುವ ಉತ್ತರ ಜಾಸ್ತಿ. ಸುಮ್ನೆ ಹಾಕಬೇಡಿ. ಮತ್ತೆ ವಾಪಸಾದರೆ ಮತ್ತೆ 350 ಹೋಗುತ್ತದೆ. ‘ಯಾವ ತಾರೀಖಿಗೆ ಹಾಕಬೇಕು, ಮತ್ತೆ ವಾಪಸಾದರೆ ಎರಡೂ ಶುಲ್ಕ ನಿಮ್ಮದು ಎಂದು ಬರೆದು ಕಳಿಸಿ’ ಎಂದು ಕೇಳಿ. ಬರೆದು ಕೊಟ್ಟರೆ ಹಾಕಬಹುದು, ಆದರೆ ಚೆಕ್ಕಿನ ಅವಧಿ ನೋಡಿಕೊಳ್ಳಿ. ಬದಲಿಗೆ ಇನ್ನೊಂದು ಚೆಕ್ ಕೊಡುತ್ತೇವೆ ಎಂದರೆ ನಯವಾಗಿಯೇ ಬೇಡ ಎನ್ನಿ, ನೇರ ವರ್ಗಾವಣೆಯನ್ನೇ ಕೇಳಿ.

ಕೆಲವರು 20,000 ಮಾತ್ರ ಕಳಿಸಿ ಸುಮ್ಮನಾಗುತ್ತಾರೆ. ತೆಗೆದುಕೊಳ್ಳಿ, ಆದರೆ ಅದೇ ದಿನ ಎರಡು ಸಾಲು ಬರೆಯಿರಿ: ‘20,000 ಬಂದಿದೆ, ಚೆಕ್ಕಿನ ಮೊತ್ತಕ್ಕೆ ಜಮಾ ಮಾಡಿದ್ದೇವೆ. 28,500 ಮತ್ತು ಶುಲ್ಕ 350 ಬಾಕಿ ಇದೆ.’ ಹೀಗೆ ಬರೆಯದಿದ್ದರೆ ಅಷ್ಟಕ್ಕೇ ಒಪ್ಪಿಕೊಂಡಿರಿ ಎನ್ನುವ ಮಾತು ಮುಂದೆ ಬರಬಹುದು.

ಇನ್ನು ಕೆಲವರು ಸರಿಯಾಗಿ 48,500 ಕಳಿಸಿ 350 ಬಿಟ್ಟುಬಿಡುತ್ತಾರೆ. ಹಳೆಯ ಗ್ರಾಹಕರು, ಮೊದಲ ಸಲ ಹೀಗಾಗಿದೆ ಎಂದರೆ ನಾನಾದರೆ ಅದನ್ನು ಮುಂದಿನ ಲೆಕ್ಕಪಟ್ಟಿಯಲ್ಲಿ ಒಂದು ಸಾಲಾಗಿ ತೋರಿಸಿ ಬಿಡುತ್ತೇನೆ. ಅದಕ್ಕಾಗಿ ಇನ್ನೊಂದು ಪತ್ರ ಬರೆಯುವುದಿಲ್ಲ. ಎರಡನೇ ಸಲ ಹೀಗಾದರೆ ಶುಲ್ಕವೂ ಬರಬೇಕು, ಆಮೇಲೆ ಅವರಿಗೆ ಚೆಕ್ ಮೇಲೆ ಸರಕೂ ಇಲ್ಲ.

ಹಣ ಪೂರ್ತಿ ಬಂದು, ಖಾತೆಯಲ್ಲಿ ಕಣ್ಣಾರೆ ನೋಡಿದ ಮೇಲೆ ಹಳೆಯ ಚೆಕ್ ವಾಪಸ್ ಕೊಡಿ. ಅದಕ್ಕೆ ಮೊದಲು ಎರಡೂ ಬದಿಯ ಪ್ರತಿ ತೆಗೆದು ಮೆಮೊ ಜೊತೆ ಫೈಲಿಗೆ ಹಾಕಿ. ‘ಚೆಕ್ ಸಂಖ್ಯೆ 004512 ವಾಪಸ್ ಬಂದಿದೆ’ ಎಂದು ಅವರ ಕೈಯಲ್ಲಿ ತಾರೀಖು ಹಾಕಿ ಸಹಿ ಮಾಡಿಸಿಕೊಂಡ ಚೀಟಿಯನ್ನೂ ಅದರ ಜೊತೆಗೇ ಪಿನ್ ಮಾಡಿ.