ಮೊದಲು ಪರೀಕ್ಷೆ, ಆಮೇಲೆ ಸುತ್ತಿಗೆ: ಹೊಸ ಕಮಿಟಿಗೆ ನಾನು ಹೇಳಿದ್ದು

ಎಲ್ಲರಿಗೂ ನಮಸ್ಕಾರ. ಲೆಕ್ಕದ ಪುಸ್ತಕ, ಚೆಕ್ ಬುಕ್, ಲಿಫ್ಟ್ ಮತ್ತು ಜನರೇಟರ್ ಕಾಂಟ್ರಾಕ್ಟ್ ಎಲ್ಲವನ್ನೂ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಹೊಸ ಕಮಿಟಿಗೆ ಒಪ್ಪಿಸಿದ್ದೇನೆ. ಪೇಂಟಿಂಗು, ಸಂಪು, ಗೇಟಿನ ವಿಚಾರ ವರದಿಯಲ್ಲಿದೆ, ಓದಿಕೊಳ್ಳಿ. ನಾನು ನೀರಿನ ಸೋರಿಕೆಯ ಬಗ್ಗೆ ಮಾತ್ರ ಮಾತಾಡುತ್ತೇನೆ. ನನ್ನ ಅವಧಿಯಲ್ಲಿ ನಡೆದ ಜಗಳಗಳಲ್ಲಿ ಮುಕ್ಕಾಲು ಪಾಲು ಅದರಿಂದಲೇ ಹುಟ್ಟಿದ್ದು.

ನಾನು ಸೆಕ್ರೆಟರಿ ಆದಾಗ ಹನ್ನೊಂದೋ ಹನ್ನೆರಡೋ ಮನೆಗಳಲ್ಲಿ ಸೀಲಿಂಗ್ ಒದ್ದೆಯಾಗಿತ್ತು. ಈಗ ಒಂದೇ ಉಳಿದಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಯಾಕೆಂದರೆ ಇದೇ ಹಾಲಿನಲ್ಲಿ, ಟೆಸ್ಟ್ ಹೆಸರಲ್ಲಿ ಅಸೋಸಿಯೇಷನ್ ದುಡ್ಡು ನೀರಿಗೆ ಹಾಕುತ್ತಿದ್ದೀರಿ ಎಂದು ನನಗೆ ಹೇಳಿದವರಿದ್ದಾರೆ.

ಅದಕ್ಕೂ ಮೊದಲು ದುಡ್ಡು ಎಲ್ಲಿ ಹೋಗುತ್ತಿತ್ತು ನೋಡಿ. ಟೆರೇಸಿಗೆ ಎರಡು ಸಲ ಬಿಳಿ ಕೆಮಿಕಲ್ ಬಳಿಸಿದ್ದರು, ಎರಡೂ ಸೇರಿ ಎರಡೂವರೆ ಲಕ್ಷದ ಹತ್ತಿರ. ಒಂದು ಮಳೆಗಾಲ ತಡೆಯಿತು, ಮುಂದಿನ ವರ್ಷ ಸಿಪ್ಪೆ ಎದ್ದಿತು. ಒಂದು ಮನೆಯಲ್ಲಿ ಕೆಳಗಿನಿಂದ ಸ್ಲ್ಯಾಬಿಗೆ ತೂತು ಕೊರೆದು ಗ್ರೌಟ್ ತುಂಬಿದರು, ಇಪ್ಪತ್ತೈದು ಸಾವಿರ ಆಯಿತು. ಆ ಜಾಗ ಒಣಗಿತು, ನೀರು ಪಕ್ಕದ ರೂಮಿನಲ್ಲಿ ಇಳಿಯಿತು. ಬರುವ ದಾರಿಯನ್ನು ಮುಚ್ಚದೆ ಇಳಿಯುವ ಜಾಗ ಮುಚ್ಚಿದರೆ ನೀರು ಬೇರೆ ಕಡೆ ಹುಡುಕಿಕೊಳ್ಳುತ್ತದೆ, ಅಷ್ಟೇ.

ಮೂರನೇ ಮಹಡಿಯ ಆ ಮನೆಯ ಕಥೆ ನಿಮಗೆಲ್ಲ ಗೊತ್ತು. ಬೆಡ್‌ರೂಮಿನ ಮೂಲೆಯಲ್ಲಿ ದೊಡ್ಡ ಕಲೆ. ಮೇಲಿನವರ ಬಾತ್‌ರೂಮೇ ಕಾರಣ ಎಂದು ಕೆಳಗಿನವರು. ಹೊರಗೋಡೆಯಿಂದ ಮಳೆ ನೀರು ಬರ್ತಿದೆ, ಅಸೋಸಿಯೇಷನ್ ನೋಡಿಕೊಳ್ಳಲಿ ಎಂದು ಮೇಲಿನವರು. ಒಂದೂವರೆ ವರ್ಷ ಮಾತಿಲ್ಲ. ಕೆಳಗಿನವರು ಮೇಂಟೆನೆನ್ಸ್ ಕಟ್ಟುವುದನ್ನೇ ನಿಲ್ಲಿಸಿದರು. ಕಾಂಟ್ರಾಕ್ಟರ್ ಒಬ್ಬ ಬಂದು ನೋಡಿ, ಮೇಲಿನ ಬಾತ್‌ರೂಮ್ ಪೂರ್ತಿ ಒಡೆಯಬೇಕು, ಎಂಬತ್ತು ಸಾವಿರ ಎಂದ. ಯಾರು ಒಪ್ಪುತ್ತಾರೆ ಹೇಳಿ?

ನಾನು ಮೊದಲು ಮಾಡಿದ್ದು ಸೀಮೆಸುಣ್ಣ ಹಿಡಿದು ಕಲೆಯ ಅಂಚಿಗೆ ಗೆರೆ ಎಳೆದು ತಾರೀಖು ಬರೆದದ್ದು. ಮಾರ್ಚ್ ತಿಂಗಳು, ಒಂದು ಹನಿ ಮಳೆ ಇಲ್ಲ. ಆದರೂ ಕಲೆ ಗೆರೆ ದಾಟಿತು. ಮಳೆಯ ವಾದ ಅಲ್ಲಿಗೆ ಮುಗಿಯಿತು. ಮೇಲಿನವರು ತಾವೇ ಬಂದು ನೋಡಿ ಸುಮ್ಮನಾದರು.

ಆಮೇಲೆ ಮೂರು ಪರೀಕ್ಷೆ. ಮೊದಲನೆಯದು ನಲ್ಲಿ ಪೈಪಿನದು. ಪ್ಲಂಬರ್ ಹ್ಯಾಂಡ್ ಪಂಪ್ ಜೋಡಿಸಿ ಲೈನಿನಲ್ಲಿ ಐದಾರು ಕೆಜಿ ಪ್ರೆಶರ್ ಏರಿಸಿದ. ಒಂದು ಗಂಟೆ ಬಿಟ್ಟರೂ ಮೀಟರಿನ ಮುಳ್ಳು ಇಳಿಯಲಿಲ್ಲ. ಅಂದರೆ ಗೋಡೆಯೊಳಗಿನ ಪೈಪ್ ಸರಿ ಇದೆ. ಎರಡನೆಯದು ನೆಲದ್ದು. ನೆಲದ ನೀರು ಹೊರಗೆ ಹೋಗುವ ನಹಾನಿ ಟ್ರ್ಯಾಪಿಗೆ ರಬ್ಬರ್ ಬಿರಡೆ ಹಾಕಿ, ಬಾಗಿಲಿಗೆ ಗಾರೆಯ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿದೆವು. ಟೈಲ್ಸಿನ ಮೇಲೆ ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿದೆವು. ಮರುದಿನಕ್ಕೆ ನೀರು ಹೆಚ್ಚುಕಮ್ಮಿ ಅಷ್ಟೇ ಇತ್ತು. ನೆಲವೂ ಸರಿ. ಎಂಬತ್ತು ಸಾವಿರ ಅಲ್ಲೇ ಉಳಿಯಿತು.

ಉಳಿದದ್ದು ನೀರು ಹೊರಗೆ ಹೋಗುವ ದಾರಿ. ಬೇಸಿನ್, ಕಮೋಡ್, ನಹಾನಿ ಮೂರಕ್ಕೂ ಬೇರೆ ಬೇರೆ ದಿನ ಬಣ್ಣದ ನೀರು ಸುರಿದೆವು. ಒಂದೇ ದಿನ ಸುರಿದರೆ ಯಾವುದು ಸೋರಿತು ಅಂತ ಗೊತ್ತಾಗುವುದಿಲ್ಲ. ನಹಾನಿಗೆ ಸುರಿದ ಮರುದಿನ ಬೆಳಿಗ್ಗೆ ಕೆಳಗಿನ ಮೂಲೆಯಲ್ಲಿ ತೆಳುವಾಗಿ ಗುಲಾಬಿ ಬಣ್ಣ. ಟ್ರ್ಯಾಪ್ ಮತ್ತು ಪೈಪ್ ಸೇರುವ ಜಾಯಿಂಟ್ ಬಿಟ್ಟುಕೊಂಡಿತ್ತು. ನೆಲದಲ್ಲಿ ಟ್ರ್ಯಾಪಿನ ಸುತ್ತ ಎರಡು ಟೈಲ್ಸ್, ಪೈಪುಗಳು ಇಳಿಯುವ ಡಕ್ಟ್ ಕಡೆಯಿಂದ ಒಂದಷ್ಟು ಗಾರೆ, ಇಷ್ಟೇ ಒಡೆದು ಜಾಯಿಂಟ್ ಬದಲಾಯಿಸಿದೆವು. ಒಂಬತ್ತು ಸಾವಿರ ಚಿಲ್ಲರೆ ಆಯಿತು.

ಇಲ್ಲಿ ಒಂದು ಮಾತು. ರಿಪೇರಿ ಆದ ಮೇಲೂ ಮೂರು ನಾಲ್ಕು ವಾರ ಹನಿ ಬೀಳುತ್ತಲೇ ಇತ್ತು. ಕೆಳಗಿನವರು ಮತ್ತೆ ಕೂಗಾಡಿದರು. ಬಾತ್‌ರೂಮಿನ ಸ್ಲ್ಯಾಬ್ ತಗ್ಗಿನಲ್ಲಿರುತ್ತದೆ, ಅದರೊಳಗೆ ಇಟ್ಟಿಗೆ ಚೂರು ತುಂಬಿರುತ್ತಾರೆ. ವರ್ಷಗಟ್ಟಲೆ ಕುಡಿದ ನೀರು ಅಲ್ಲಿ ನಿಂತಿರುತ್ತದೆ, ಅದು ಇಳಿದು ಮುಗಿಯಬೇಕು. ಸೀಮೆಸುಣ್ಣದ ಗೆರೆ ನೋಡಿ. ಕಲೆ ಹಿಂದೆ ಸರಿಯುತ್ತಿದ್ದರೆ ಕಾಯಿರಿ, ದಯವಿಟ್ಟು ಮತ್ತೆ ಒಡೆಯಬೇಡಿ. ಪೂರ್ತಿ ಒಣಗುವ ಮೊದಲು ಪೇಂಟ್ ಹೊಡೆಸಲೂ ಬೇಡಿ.

ಬಣ್ಣಕ್ಕೆ ನಾನು ಮೊದಲು ಅರಿಶಿನ ಕಲಸಿ ನೋಡಿದ್ದೆ. ಅರಿಶಿನ ನೀರಿನಲ್ಲಿ ಕರಗುವುದಿಲ್ಲ, ಪುಡಿಯೆಲ್ಲ ಇಟ್ಟಿಗೆ ಚೂರಿನಲ್ಲೇ ಸೋಸಿ ನಿಂತಿತು, ಕೆಳಗೆ ಬಂದದ್ದು ಬರೀ ನೀರು. ಮೇಲೆ ಟೈಲ್ಸಿನ ಸಂದು ಮಾತ್ರ ಹಳದಿ. ಸಿಹಿತಿಂಡಿಗೆ ಹಾಕುವ ಕೆಂಪು ಬಣ್ಣ ಪರವಾಗಿಲ್ಲ, ಆದರೆ ಸುಮ್ನೆ ಚಿಟಿಕೆ ಹಾಕಿದರೆ ಕಾಣುವುದಿಲ್ಲ. ಎಷ್ಟು ಹಾಕಬೇಕು, ಜೊತೆಗೆ ಏನು ಬೆರೆಸಬೇಕು ಎನ್ನುವುದನ್ನು ಹೊಸ ಸೆಕ್ರೆಟರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ಟೆರೇಸಿನದ್ದೂ ಇದೇ ದಾರಿ. ಪೂರ್ತಿ ವಾಟರ್‌ಪ್ರೂಫಿಂಗಿಗೆ ಆರು ಲಕ್ಷದ ಕೊಟೇಷನ್ ಬಂದಿತ್ತು. ನಾವು ಇಟ್ಟಿಗೆ, ಗಾರೆಯಿಂದ ಸಣ್ಣ ಕಟ್ಟೆ ಕಟ್ಟಿ, ಟೆರೇಸನ್ನು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಎರಡು ಇಂಚು ನೀರನ್ನು ಎರಡು ದಿನ ನಿಲ್ಲಿಸಿದೆವು. ಅದಕ್ಕಿಂತ ಜಾಸ್ತಿ ನಿಲ್ಲಿಸಬೇಡಿ, ನೀರಿಗೆ ಭಾರವಿದೆ. ತಗ್ಗಿನ ಭಾಗದಿಂದ ಶುರು ಮಾಡಿ. ಮೇಲಿನಿಂದ ಶುರು ಮಾಡಿದರೆ ಕಟ್ಟೆ ದಾಟಿದ ನೀರು ಕೆಳಗಿನ ಭಾಗವನ್ನೂ ನೆನೆಸಿ ಲೆಕ್ಕ ಕೆಡಿಸುತ್ತದೆ. ನಡುವಿನ ಸ್ಲ್ಯಾಬ್ ಎಲ್ಲೂ ಸೋರಲಿಲ್ಲ. ಸೋರಿದ್ದು ಪ್ಯಾರಪೆಟ್ ಗೋಡೆಯ ಬುಡ, ಮಳೆನೀರು ಪೈಪಿನ ಬಾಯಿ, ಓವರ್‌ಹೆಡ್ ಟ್ಯಾಂಕಿನ ಪೈಪ್ ಇಳಿಯುವ ತೂತು. ಅಷ್ಟನ್ನೇ ಕೊರೆದು, ಗೋಡೆಯ ಬುಡದ ಮೂಲೆಯನ್ನು ಗಾರೆಯಿಂದ ದುಂಡಾಗಿಸಿ ಗೋಲಾ ಕೊಟ್ಟು ಮುಗಿಸಿದೆವು. ಒಂದೂಕಾಲು ಲಕ್ಷ ಆಗಿರಬೇಕು. ಕಾರ್ಪಸ್ ಫಂಡ್ ಮುಟ್ಟಲೇ ಇಲ್ಲ.

ಜಗಳ ಬಿಡಿಸಿದ್ದು ಮಾತಿನಿಂದಲ್ಲ, ಒಂದು ನಿರ್ಣಯದಿಂದ. ಪರೀಕ್ಷೆಯ ಖರ್ಚು ಅಸೋಸಿಯೇಷನ್ನಿನದು, ಫಲಿತಾಂಶ ಏನೇ ಇರಲಿ. ತಪ್ಪು ಮನೆಯೊಳಗಿನ ಪೈಪು, ನೆಲದ್ದಾದರೆ ರಿಪೇರಿ ಆ ಮಾಲೀಕರದು. ಡಕ್ಟಿನ ಉದ್ದ ಪೈಪು, ಹೊರಗೋಡೆ, ಟೆರೇಸಿನದ್ದಾದರೆ ನಮ್ಮದು. ಪರೀಕ್ಷೆಯಾಗುವಾಗ ಎರಡೂ ಮನೆಯವರು ನಿಂತು ನೋಡಿ ಸಹಿ ಹಾಕಬೇಕು. ಒಂದು ಮನೆಯ ಪರೀಕ್ಷೆಗೆ ಅಸೋಸಿಯೇಷನ್ನಿಗೆ ಆರೇಳು ಸಾವಿರ ಬೀಳುತ್ತದೆ. ಜನ ಬಾಗಿಲು ತೆಗೆಯದೆ ಇದ್ದದ್ದು, ತೆಗೆದರೆ ತಪ್ಪು ಒಪ್ಪಿಕೊಂಡಂತೆ ಎಂಬ ಹೆದರಿಕೆಯಿಂದ. ಖರ್ಚಿಲ್ಲ ಎಂದ ಮೇಲೆ ತೆಗೆದರು. ಮೂರನೇ ಮಹಡಿಯವರ ಬಾಕಿ ಮೇಂಟೆನೆನ್ಸ್, ನಲವತ್ತು ಸಾವಿರದ ಹತ್ತಿರ, ಒಂದೇ ಚೆಕ್ಕಿನಲ್ಲಿ ಬಂತು. ಪರೀಕ್ಷೆಯ ಖರ್ಚಿಗಿಂತ ಎಷ್ಟೋ ಪಾಲು ಜಾಸ್ತಿ, ಅಲ್ವಾ?

ಇನ್ನು ಬಾಕಿ ಕೆಲಸ. ಉಳಿದ ಆ ಒಂದು ಮನೆ ಎರಡನೇ ಮಹಡಿಯದು, ಸೋರುತ್ತಿರುವುದು ಡಕ್ಟ್ ಪೈಪ್ ಎಂದು ನನ್ನ ಅಂದಾಜು. ಪರೀಕ್ಷೆ ಮಾಡದೆ ಅದನ್ನೂ ನಂಬಬೇಡಿ. ಟೆರೇಸಿನ ಉತ್ತರದ ಪ್ಯಾರಪೆಟ್ ಹಾಗೇ ಇದೆ, ಅದನ್ನು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಬೆಂಗಳೂರಲ್ಲಿ ಮೇ ತಿಂಗಳಿಗೇ ಜೋರು ಮಳೆ ಬೀಳುತ್ತದೆ. ಟೆರೇಸ್ ಕೆಲಸದ ಮೇಸ್ತ್ರಿಯ ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಹಿಡಿದಿಟ್ಟಿದ್ದೇನೆ. ಅವರು ದೀಪಾವಳಿಗೆ ಬಂದು ಕೇಳುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಕಳೆದು ಮೇಲಿನ ಮಹಡಿಯ ಎಲ್ಲ ಮನೆಯವರೂ ಒಣಗಿದೆ ಎಂದು ಬರೆದುಕೊಟ್ಟ ಮೇಲೆಯೇ ಆ ಚೆಕ್ಕಿಗೆ ಸಹಿ ಹಾಕಿ.