ಕೆಳಗಿನ ಕೋಣೆಗೆ ಒಂದು ಟನ್, ಮೇಲಿನದಕ್ಕೆ ಒಂದೂವರೆ

ಕಲಬುರಗಿಯ ನಮ್ಮ ಮನೆಯಲ್ಲಿ ಮೊನ್ನೆ ಮೊನ್ನೆಯವರೆಗೂ ಕೂಲರೇ ಗತಿ. ಮೇ ತಿಂಗಳಲ್ಲಿ ಬೋರ್ ಬತ್ತಿತು. ಕುಡಿಯೋಕೇ ಟ್ಯಾಂಕರ್ ಕರೆಸುವಾಗ ಕೂಲರಿಗೆ ಬಕೆಟ್‌ಗಟ್ಟಲೆ ನೀರು ಸುರಿಯೋದು ಹೇಗೆ? ಮೇಲಿನ ಕೋಣೆಗೆ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಹಾಕಿಸೋಣ ಅಂದೆ. ಅಪ್ಪ ಕೇಳಿದ ಮೊದಲ ಮಾತು: "ಅಷ್ಟ್ ಭಾರ ಗ್ವಾಡಿ ತಡೀತದೇನೋ?"

ಈ ಟನ್ ತೂಕದ್ದಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರಿಕೊಳ್ಳುತ್ತದೋ ಅಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುವ ಶಕ್ತಿ. ಬಿಟಿಯು ಅನ್ನುವ ಶಾಖದ ಅಳತೆಯಲ್ಲಿ ಗಂಟೆಗೆ 12,000, ಅಂದರೆ ಸುಮಾರು 3,500 ವಾಟ್. ಅಪ್ಪನಿಗೆ ಇಷ್ಟು ಹೇಳುವಷ್ಟರಲ್ಲಿ ನನಗೂ ಒಂದು ಅನುಮಾನ ಹುಟ್ಟಿತು. ಒಂದೂವರೆ ಅಂತ ನನಗೆ ಹೇಳಿದ್ದು ಯಾರು? ಅಂಗಡಿಯವನು. ಅವನು ಕೇಳಿದ್ದು "ರೂಮ್ ಎಷ್ಟು ಬೈ ಎಷ್ಟು?" ಅಂತ ಒಂದೇ ಪ್ರಶ್ನೆ.

ಕೋಣೆ 12 ಅಡಿಗೆ 13 ಅಡಿ, 156 ಚದರಡಿ. ನಾನೇ ಲೆಕ್ಕ ಹಾಕೋಣ ಅಂತ ಕೂತೆ. ಮೊದಲು ಸಿಕ್ಕಿದ್ದು ಅಮೆರಿಕದ ಚಾರ್ಟ್. ಅದರ ಪ್ರಕಾರ 150ರಿಂದ 250 ಚದರಡಿ ಕೋಣೆಗೆ 6,000 ಬಿಟಿಯು ಸಾಕು. ಅರ್ಧ ಟನ್! ನಮ್ಮ ಬಿಸಿಲು, ಬರೀ ಸಿಮೆಂಟಿನ ಛತ್ತು, ಇಟ್ಟಿಗೆ ಗೋಡೆ ಯಾವುದೂ ಅದಕ್ಕೆ ಗೊತ್ತಿಲ್ಲ. ಗೋಡೆ, ಅಟ್ಟದ ಒಳಗೆಲ್ಲ ಶಾಖ ತಡೆಯುವ ಪದರ ತುಂಬಿದ ಮನೆಗಳ ಲೆಕ್ಕ ಅದು. ಅದರಿಂದ ಎರಡು ಮಾತು ಮಾತ್ರ ಇಟ್ಟುಕೊಂಡೆ. ಬಿಸಿಲು ಜಾಸ್ತಿ ಬೀಳುವ ಕೋಣೆಗೆ ಶೇ 10 ಸೇರಿಸು, ನೆರಳಿನ ಕೋಣೆಗೆ ಶೇ 10 ಕಳೆ. ಇಬ್ಬರಿಗಿಂತ ಹೆಚ್ಚು ಜನ ಇದ್ದರೆ ಹೆಚ್ಚುವರಿ ತಲೆಗೆ 600 ಬಿಟಿಯು ಸೇರಿಸು.

ಮೂಲ ಅಂಕಿ ಕೊಟ್ಟವನು ನಮ್ಮ ಓಣಿಯ ಮೆಕ್ಯಾನಿಕ್. ರಾತ್ರಿ ಒಂಬತ್ತಕ್ಕೆ ದುಕಾನ ಮುಚ್ಚಿಕೊಂಡು ಬಂದ. ಟೇಪು ತೆಗೆಯಲೇ ಇಲ್ಲ. ಸ್ಟೂಲ್ ಹತ್ತಿ ಛತ್ತಿಗೆ ಅಂಗೈ ಒತ್ತಿ ಹಿಡಿದ. "ನೀವೂ ಮುಟ್ಟಿ ನೋಡ್ರಿ ಸರ" ಅಂದ. ಮುಟ್ಟಿದೆ. ಆಗಷ್ಟೇ ಒಲೆಯಿಂದ ಇಳಿಸಿದ ಹಂಚು ಸ್ವಲ್ಪ ಆರಿದರೆ ಹೇಗಿರುತ್ತದೋ ಹಾಗೆ. ಸೂರ್ಯ ಮುಳುಗಿ ಎರಡು ತಾಸಿಗೂ ಜಾಸ್ತಿ ಆಗಿತ್ತು. ಆಮೇಲೆ ಪಶ್ಚಿಮದ ಗೋಡೆ ಮುಟ್ಟಿಸಿದ, ಅದೂ ಬಿಸಿ. ಪೂರ್ವದ್ದು ತಣ್ಣಗಿತ್ತು.

ಕಾಂಕ್ರೀಟು, ಇಟ್ಟಿಗೆ ಹಗಲೆಲ್ಲ ಶಾಖ ಕುಡಿದು ಕೆಲವು ತಾಸು ತಡವಾಗಿ ಒಳಗೆ ಬಿಡುತ್ತವೆ. ಪೂರ್ವದ ಗೋಡೆಗೆ ಬೆಳಿಗ್ಗೆ ಬಿದ್ದ ಬಿಸಿಲು ಸಂಜೆಯೊಳಗೆ ಮುಗಿದಿರುತ್ತದೆ. ಪಶ್ಚಿಮದ ಗೋಡೆಯದ್ದು, ಛತ್ತಿನದ್ದು ಸರಿಯಾಗಿ ನಾವು ಮಲಗುವ ಹೊತ್ತಿಗೇ ಒಳಗೆ ಬರುತ್ತದೆ. ಕೋಣೆ ಯಾವ ದಿಕ್ಕಿಗಿದೆ ಅಂತ ಕೇಳುವುದು ಇದಕ್ಕೇ. ವಾಸ್ತುಗಲ್ಲ!

ಅವನ ಸೂತ್ರ ಸರಳ: ನಮ್ಮ ಕಡೆಯ ಬಿಸಿಲಿಗೆ, ಇಬ್ಬರು ಮಲಗುವ, ಹತ್ತಡಿ ಎತ್ತರದ ಸಾಧಾರಣ ಕೋಣೆಗೆ 150 ಚದರಡಿಗೆ ಒಂದು ಟನ್. ಅಂದರೆ ಚದರಡಿಗೆ 80 ಬಿಟಿಯು. 156 ಚದರಡಿಗೆ 12,480. ಪಶ್ಚಿಮದ ಬಿಸಿಲಿಗೆ ಶೇ 10, ಅಂದರೆ 1,248. ಮೇಲೆ ಇನ್ನೊಂದು ಅಂತಸ್ತಿಲ್ಲ, ಛತ್ತಿಗೆ ನೇರ ಬಿಸಿಲು. ಅದಕ್ಕೆ ನಾವು ಶೇ 15 ಹಿಡಿದೆವು, 1,872. ನಾವಿಬ್ಬರು, ಮಗಳು, ಅವ್ವ ಸೇರಿ ನಾಲ್ವರು. ಹೆಚ್ಚುವರಿ ಇಬ್ಬರಿಗೆ 1,200. ಒಟ್ಟು 16,800 ಬಿಟಿಯು, ಅಂದರೆ 1.4 ಟನ್. ಅಂಗಡಿಯವನು ಸುಮ್ನೆ ಹೇಳಿದ್ದರೂ ಸರಿಯಾಗಿಯೇ ಹೇಳಿದ್ದ.

ಆದರೆ ಸರಿಯಾಗಿ ಇದರ ಕೆಳಗಿನ ಕೋಣೆ ನೋಡಿ. ಅದೇ 156 ಚದರಡಿ. ತಲೆ ಮೇಲೆ ನಮ್ಮ ಕೋಣೆ ಇದೆ, ಕಿಟಕಿ ಉತ್ತರಕ್ಕೆ, ಪಶ್ಚಿಮದ ಗೋಡೆಗೆ ಪಕ್ಕದ ಮನೆ ಅಂಟಿಕೊಂಡಿದೆ. ಮಲಗುವವನು ಅಪ್ಪ ಒಬ್ಬನೇ. 12,480ರಲ್ಲಿ ನೆರಳಿಗೆ ಶೇ 10 ಕಳೆದರೆ 11,232. ಒಂದು ಟನ್ ಧಾರಾಳ. ಅಂಗಡಿಯವನು ಅಲ್ಲಿಗೂ ಒಂದೂವರೆಯನ್ನೇ ಮಾರುತ್ತಿದ್ದ, ಅಲ್ವಾ?

ದೊಡ್ಡದು ಹಾಕಿದರೆ ನಷ್ಟ ಏನು ಅಂತ ನಾನೂ ಕೇಳಿದ್ದೆ. ದುಡ್ಡು ಜಾಸ್ತಿ ಅನ್ನೋದು ಒಂದು ಕಡೆ ಇರಲಿ. ಕೋಣೆಗೆ ಮೀರಿದ ಎಸಿ ಗಾಳಿಯನ್ನು ಬೇಗ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗೋಡೆಯ ಬಿಸಿ ಮತ್ತೆ ಬರುತ್ತದೆ, ಮತ್ತೆ ಶುರು. ಗಾಳಿಯ ತೇವ ತೆಗೆಯೋಕೆ ಅದು ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ನಿಂತು ನಿಂತು ಓಡಿದರೆ ಮಳೆಗಾಲದಲ್ಲಿ ಕೋಣೆ ತಣ್ಣಗಿದ್ದೂ ಮೈ ಅಂಟಂಟು. ಇನ್ವರ್ಟರ್ ಎಸಿ ಕಂಪ್ರೆಸರ್ ನಿಲ್ಲಿಸುವ ಬದಲು ಅದರ ವೇಗ ತಗ್ಗಿಸುತ್ತದೆ, ಈ ತೊಂದರೆ ಕಡಿಮೆ. ಆದರೂ ಅದು ತಗ್ಗಿಸುವುದಕ್ಕೊಂದು ಮಿತಿ ಇದೆ.

ಕೊಳ್ಳುವಾಗ ಟನ್ ಅಂಕಿ ಬಿಟ್ಟು ಸ್ಟಾರ್ ಲೇಬಲ್ ಮೇಲಿನ ತಂಪು ಮಾಡುವ ಸಾಮರ್ಥ್ಯದ ವಾಟ್ ನೋಡಿದೆ. ಒಂದೂವರೆ ಟನ್ ಲೆಕ್ಕಕ್ಕೆ ಸುಮಾರು 5,275 ವಾಟ್ ಇರಬೇಕು. ಅದೇ ಹೆಸರಿನಲ್ಲಿ 5,000ಕ್ಕಿಂತ ಕಡಿಮೆಯದ್ದೂ ಮಾರಾಟಕ್ಕಿತ್ತು. ನನಗೆ ಬೇಕಾದ 16,800 ಬಿಟಿಯು ಅಂದರೆ 4,900 ವಾಟ್ ಮೇಲೆ. 5,100 ಇದ್ದದ್ದು ತಂದೆ. ಒಂದು ಮಾತು: ಲೇಬಲ್ಲಿನ ಅಂಕಿ ಹೊರಗೆ 35 ಡಿಗ್ರಿ ಇದ್ದಾಗಿನದು. ನಮ್ಮಲ್ಲಿ 42 ಆದಾಗ ಅದೇ ಎಸಿ ಅಷ್ಟು ಶಾಖ ಎಳೆಯುವುದಿಲ್ಲ. ಅದಕ್ಕೆ ಎರಡು ಟನ್ ಹಾಕಬೇಕಿತ್ತಾ ಅಂದರೆ ನನಗೆ ಬೇಡ ಅನ್ನಿಸಿತು. ಅಂಥ ಬಿಸಿಲು ವರ್ಷಕ್ಕೆ ಕೆಲವು ವಾರ, ದಿನಕ್ಕೆ ಕೆಲವು ತಾಸು. ಆಗ 24ರ ಬದಲು 26 ಇಟ್ಟುಕೊಂಡು ಫ್ಯಾನ್ ಹಾಕಿದರಾಯಿತು.

ಹಾಕಿದ ಮೊದಲ ವಾರ ಒಂದು ತಪ್ಪು ಗೊತ್ತಾಯಿತು. ನಾಲ್ಕಡಿಗೆ ನಾಲ್ಕಡಿಯ ಪಶ್ಚಿಮದ ಕಿಟಕಿಯನ್ನು ನಾನು ಆ ಶೇ 10ರಲ್ಲೇ ಮುಗಿಸಿದ್ದೆ. ಸಂಜೆ ನಾಲ್ಕಕ್ಕೆ ಪರ್ಸಿ ಕಲ್ಲಿನ ನೆಲದ ಮೇಲೆ ಕಿಟಕಿಯಷ್ಟೇ ಬಿಸಿಲಿನ ಚೌಕ, ಬರಿಗಾಲು ಇಡೋಕಾಗಲ್ಲ. ಎಸಿ 28ರಿಂದ ಕೆಳಗೆ ಇಳಿಯಲೇ ಇಲ್ಲ. ಒಳಗೆ ದಪ್ಪ ಪರದೆ ಹಾಕಿದೆ, ಅಷ್ಟೇನೂ ಉಪಯೋಗ ಆಗಲಿಲ್ಲ. ಗಾಜು ದಾಟಿ ಬಂದ ಶಾಖ ಪರದೆಯನ್ನೇ ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ಹೊರಗೆ ಬಿದಿರಿನ ಚಾಪೆ ಇಳಿಬಿಟ್ಟ ಮೇಲೆ 26 ಬಂತು.

ಅಳತೆ ಸರಿಯಾಗಿದೆಯೋ ಇಲ್ಲವೋ ಅಂತ ನಾನು ತಿಳಿಯುವುದು ರಾತ್ರಿ ಹನ್ನೊಂದರ ಹೊತ್ತಿಗೆ. ಹೊರಗಿನ ಯೂನಿಟ್ಟಿನ ಹತ್ತಿರ ಹೋಗಿ ಕಿವಿಗೊಡುತ್ತೇನೆ. ಸದ್ದು ತಗ್ಗಿ ಸಣ್ಣಗೆ ಗುಂಯ್ ಅನ್ನುತ್ತಿದ್ದರೆ ಕೋಣೆ ಹಿಡಿತಕ್ಕೆ ಬಂದಿದೆ. ನಡುರಾತ್ರಿ ದಾಟಿದರೂ ಸಂಜೆಯಷ್ಟೇ ಜೋರಾಗಿದ್ದರೆ ಎಸಿ ಸಾಲುತ್ತಿಲ್ಲ, ಇಲ್ಲವೇ ಫಿಲ್ಟರ್ ತುಂಬ ಧೂಳು.

ರಜೆಗೆ ತಂಗಿ ಮಕ್ಕಳ ಸಮೇತ ಬಂದಾಗ ಈ ಲೆಕ್ಕಕ್ಕೆ ಪರೀಕ್ಷೆ ಬಂತು. ಮೇ ತಿಂಗಳಲ್ಲಿ ಎಸಿ ಇರುವ ಕೋಣೆ ಬಿಟ್ಟು ಯಾರು ಮಲಗುತ್ತಾರೆ? ನೆಲದ ತುಂಬ ಗಾದಿ ಹಾಸಿ ಏಳು ಜನ. ಹೆಚ್ಚುವರಿ ಐವರಿಗೆ 3,000 ಹಿಡಿದರೆ ಒಟ್ಟು 18,600 ಬಿಟಿಯು, ನನ್ನ ಎಸಿಗೆ ಮೀರಿದ್ದು. ಆವತ್ತು ಹೊರಗಿನ ಯೂನಿಟ್ಟಿನ ಸದ್ದು ತಗ್ಗಿದಾಗ ರಾತ್ರಿ ಒಂದೂವರೆ.